ಝೀರೋ ಕೂಪನ್ ಬಾಂಡ್: ಬೆಲೆ, ಇಳುವರಿ ಮತ್ತು ಬಡ್ಡಿದರದ ಏಟಿನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಓದುಗರ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು, ಆದಷ್ಟು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಇಲ್ಲಿ ಒಟ್ಟುಗೂಡಿಸಿದ್ದೇನೆ. ಲೆಕ್ಕಗಳಿಗೆಲ್ಲ ಒಂದೇ ಬಾಂಡನ್ನು ಹಿಡಿದಿದ್ದೇನೆ: ಮುಖಬೆಲೆ 1000, ವಾಯಿದೆ 10 ವರ್ಷ, ಇಳುವರಿ ವರ್ಷಕ್ಕೆ ಶೇ. 7. ಹಣ ಯಾವ ನಾಡಿನದಾದರೂ ಲೆಕ್ಕ ಬದಲಾಗುವುದಿಲ್ಲವಾದ್ದರಿಂದ ಅದರ ಹೆಸರನ್ನು ಬಿಟ್ಟಿದ್ದೇನೆ.

## ಬೆಲೆಯ ಲೆಕ್ಕ

ಬಡ್ಡಿಯನ್ನೇ ಕೊಡದ ಬಾಂಡನ್ನು ಯಾರಾದರೂ ಏಕೆ ಕೊಳ್ಳುತ್ತಾರೆ?

ಬಡ್ಡಿ ಇಲ್ಲವೆಂದಲ್ಲ, ಅದನ್ನು ಬಿಡಿಬಿಡಿಯಾಗಿ ಕೈಗೆ ಕೊಡುವುದಿಲ್ಲ ಎಂದಷ್ಟೇ ಅರ್ಥ. ಸಾಮಾನ್ಯ ಬಾಂಡ್ ವರ್ಷಕ್ಕೊಮ್ಮೆಯೋ ಆರು ತಿಂಗಳಿಗೊಮ್ಮೆಯೋ ಕೂಪನ್ ರೂಪದಲ್ಲಿ ಬಡ್ಡಿ ಕೊಟ್ಟು ಕೊನೆಯಲ್ಲಿ ಅಸಲನ್ನು ಹಿಂದಿರುಗಿಸುತ್ತದೆ. ಝೀರೋ ಕೂಪನ್ ಬಾಂಡ್ ನಡುವೆ ಏನನ್ನೂ ಕೊಡದೆ ವಾಯಿದೆ ಮುಗಿದ ದಿನ ಮುಖಬೆಲೆಯನ್ನು ಒಂದೇ ಗಂಟಾಗಿ ಕೊಡುತ್ತದೆ. ಆದ್ದರಿಂದ ಅದು ಮುಖಬೆಲೆಗಿಂತ ಕಡಿಮೆ ಬೆಲೆಗೆ ಮಾರಾಟವಾಗುತ್ತದೆ, ಮತ್ತು ಕೊಂಡ ಬೆಲೆಗೂ ಮುಖಬೆಲೆಗೂ ಇರುವ ಅಂತರವೇ ಕೊಂಡವನ ಬಡ್ಡಿ. ನಮ್ಮ ಬಾಂಡಿಗೆ ಇಂದು 508.35 ಕೊಟ್ಟವನಿಗೆ ಹತ್ತು ವರ್ಷಗಳ ಬಳಿಕ 1000 ಸಿಗುತ್ತದೆ. ಗೊತ್ತಾದ ದಿನಕ್ಕೆ ಗೊತ್ತಾದ ಮೊತ್ತ ಬೇಕಾದವರಿಗೆ, ಅಂದರೆ ಪಿಂಚಣಿ ನಿಧಿಗಳಿಗೆ, ವಿಮಾ ಸಂಸ್ಥೆಗಳಿಗೆ, ದೂರದ ಒಂದು ಖರ್ಚಿಗೆ ಹಣ ಕಟ್ಟುತ್ತಿರುವ ಮನೆಯವರಿಗೆ, ಇದಕ್ಕಿಂತ ಸರಳವಾದ ಪತ್ರ ಇನ್ನೊಂದಿಲ್ಲ.

508.35 ಎಂಬ ಸಂಖ್ಯೆ ಎಲ್ಲಿಂದ ಬಂತು? ಅದನ್ನು ಯಾರು ನಿರ್ಧರಿಸುತ್ತಾರೆ?

ಸಂಖ್ಯೆಯನ್ನು ನಿರ್ಧರಿಸುವುದು ಮಾರುಕಟ್ಟೆ. ಲೆಕ್ಕ ಹೇಳುವುದು ಬೆಲೆಗೂ ಬಡ್ಡಿದರಕ್ಕೂ ಇರುವ ನಂಟನ್ನು ಮಾತ್ರ. ಅದೇ ವಾಯಿದೆಯ, ಅಷ್ಟೇ ನಂಬಿಕೆಗೆ ಅರ್ಹವಾದ ಸಾಲಪತ್ರಗಳು ವರ್ಷಕ್ಕೆ ಶೇ. 7 ತರುತ್ತಿದ್ದರೆ ನಮ್ಮ ಬಾಂಡೂ ಅಷ್ಟನ್ನೇ ತರಬೇಕು. ಇಂದು ಹೂಡಿದ 1 ಪ್ರತಿ ವರ್ಷ 1.07 ಪಟ್ಟಾಗುತ್ತ ಹೋದರೆ ಹತ್ತು ವರ್ಷಗಳಲ್ಲಿ 1.9672 ಆಗುತ್ತದೆ. ಹಾಗಾದರೆ ಹತ್ತು ವರ್ಷಗಳ ಬಳಿಕ 1000 ಆಗಬೇಕಾದ ಹಣ ಇಂದು ಎಷ್ಟಿರಬೇಕು? 1000ವನ್ನು 1.9672ರಿಂದ ಭಾಗಿಸಿದರೆ 508.35. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಬೇಕು:

```
=1000/(1+0.07)^10
```

ವಾಯಿದೆ ಪೂರ್ಣ ವರ್ಷಗಳಲ್ಲಿ ಇಲ್ಲದಿದ್ದರೆ 10ರ ಜಾಗದಲ್ಲಿ ಉಳಿದ ದಿನಗಳನ್ನು ವರ್ಷದ ಭಿನ್ನರಾಶಿಯಾಗಿ ಹಾಕಬಹುದು. ಸೂತ್ರದಲ್ಲಿ ಬೇರೆ ಏನೂ ಅಡಗಿಲ್ಲ. ಕೂಪನ್ ಇಲ್ಲದ್ದರಿಂದ ಬೆಲೆಯನ್ನು ಆಡಿಸುವ ಸಂಗತಿಗಳು ಎರಡೇ: ಉಳಿದ ಕಾಲ ಮತ್ತು ಈ ಹೊತ್ತಿನ ದರ.

ಅದೇ ಶೇ. 7 ಹಾಕಿದರೂ ನನಗೆ 502.57 ಬರುತ್ತಿದೆ. ತಪ್ಪು ಯಾರದು?

ಬಹುಶಃ ಯಾರದೂ ಅಲ್ಲ. ಬಡ್ಡಿಗೆ ಬಡ್ಡಿ ಸೇರುವುದು ವರ್ಷಕ್ಕೊಮ್ಮೆ ಎಂದು ನಾನು ಹಿಡಿದಿದ್ದೇನೆ, ನೀವು ನೋಡಿದ ಲೆಕ್ಕ ಆರು ತಿಂಗಳಿಗೊಮ್ಮೆ ಎಂದು ಹಿಡಿದಿದೆ. ಹಲವು ಬಾಂಡ್ ಮಾರುಕಟ್ಟೆಗಳಲ್ಲಿ ಕೂಪನ್ ಅರ್ಧ ವರ್ಷಕ್ಕೊಮ್ಮೆ ಬರುವುದರಿಂದ, ಹೋಲಿಕೆ ಸುಲಭವಾಗಲೆಂದು ಝೀರೋ ಕೂಪನ್ ಬಾಂಡಿನ ಇಳುವರಿಯನ್ನೂ ಅದೇ ರೂಢಿಯಲ್ಲಿ ಹೇಳುತ್ತಾರೆ. ಆಗ ಶೇ. 3.5ರಂತೆ 20 ಬಾರಿ ಬೆಳೆದ ಲೆಕ್ಕವಾಗುತ್ತದೆ, ಬೆಲೆ 502.57ಕ್ಕೆ ಇಳಿಯುತ್ತದೆ. ವರ್ಷಕ್ಕೊಮ್ಮೆಯ ರೂಢಿಯಲ್ಲಿ ಹೇಳಿದರೆ ಆ ಶೇ. 7 ಸುಮಾರು ಶೇ. 7.12ಕ್ಕೆ ಸಮ. ಎರಡು ಬಾಂಡ್‌ಗಳನ್ನು ಹೋಲಿಸುವ ಮೊದಲು ಇಬ್ಬರೂ ಒಂದೇ ರೂಢಿಯಲ್ಲಿ ಮಾತಾಡುತ್ತಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

## ನಿಜವಾಗಿ ಗಳಿಸಿದ ಇಳುವರಿ

508.35 ಕೊಟ್ಟು 491.65 ಲಾಭ ಬಂದರೆ ಹತ್ತು ವರ್ಷಕ್ಕೆ ಶೇ. 96.7, ವರ್ಷಕ್ಕೆ ಶೇ. 9.67 ಆಗಬೇಕಲ್ಲವೇ? ಶೇ. 7 ಹೇಗೆ?

ಹತ್ತರಿಂದ ಭಾಗಿಸಿದಾಗ ಸಿಗುವುದು ಸರಳ ಬಡ್ಡಿಯ ದರ. ಪ್ರತಿ ವರ್ಷದ ಬಡ್ಡಿಯನ್ನು ಪೆಟ್ಟಿಗೆಯಲ್ಲಿಟ್ಟು, ಅದಕ್ಕೆ ಮತ್ತೆ ಏನೂ ಹುಟ್ಟದಂತೆ ಕಾದರೆ ಮಾತ್ರ ಆ ಲೆಕ್ಕ ಒಪ್ಪುತ್ತದೆ. ಇಲ್ಲಿ ಹಾಗಾಗುವುದಿಲ್ಲ: ಮೊದಲ ವರ್ಷದ ಬಡ್ಡಿ ಬಾಂಡಿನೊಳಗೇ ಉಳಿದು ಎರಡನೆಯ ವರ್ಷ ತಾನೂ ದುಡಿಯುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ‘ಪ್ರತಿ ವರ್ಷ ಎಷ್ಟು ಪಟ್ಟು ಬೆಳೆದರೆ ಹತ್ತು ವರ್ಷಕ್ಕೆ 508.35 ಹೋಗಿ 1000 ಆಗುತ್ತದೆ?’ ಎಂಬುದು. ಉತ್ತರಕ್ಕೆ ಹತ್ತನೆಯ ಮೂಲವನ್ನು ತೆಗೆಯಬೇಕು:

```
=(1000/508.35)^(1/10)-1
```

ಇದರ ಫಲ 0.07. ಎರಡನೆಯ ಆವರಣವನ್ನು ಬಿಟ್ಟು `^1/10` ಎಂದು ಬರೆದವರು ಹಲವರಿದ್ದಾರೆ, ಅವರಿಗೆ ಶೇ. 80ರಷ್ಟು ನಷ್ಟ ಕಾಣಿಸಿ ಗಾಬರಿಯಾಗುತ್ತದೆ. ಫಲ ಋಣಾತ್ಮಕವಾಗಿ ಬಂದರೆ ಬಾಂಡನ್ನು ಬೈಯುವ ಮೊದಲು ಆವರಣವನ್ನು ನೋಡಿ. ಮಾರುವವರು ಶೇ. 9.67ನ್ನು ‘ವಾರ್ಷಿಕ ಲಾಭ’ ಎಂದು ತೋರಿಸಿದರೆ ಅದನ್ನು ಬೇರೆ ಠೇವಣಿಯ ಚಕ್ರಬಡ್ಡಿ ದರದ ಪಕ್ಕದಲ್ಲಿ ಇಡಲು ಬರುವುದಿಲ್ಲ.

ಕೈಗೆ ಏನೂ ಬಾರದಿದ್ದರೂ ಪ್ರತಿ ವರ್ಷ ಆದಾಯವಿದೆ ಎನ್ನುತ್ತಾರೆ. ಅದು ಎಲ್ಲಿದೆ?

ಬಾಂಡಿನ ಬೆಲೆಯೊಳಗೆ. ದರ ಶೇ. 7ರಲ್ಲೇ ನಿಂತಿದೆ ಎಂದುಕೊಂಡರೆ, ಒಂದು ವರ್ಷ ಕಳೆದಾಗ ಉಳಿದ ವಾಯಿದೆ ಒಂಬತ್ತು ವರ್ಷವಾಗಿ ಬೆಲೆ 543.93 ಆಗುತ್ತದೆ. ಏರಿದ 35.58 ಸರಿಯಾಗಿ 508.35ರ ಶೇ. 7. ಎರಡನೆಯ ವರ್ಷ 38.08 ಏರುತ್ತದೆ, ಹೀಗೆ ಹೆಚ್ಚುತ್ತ ಹೋಗಿ ಕೊನೆಯ ವರ್ಷವೊಂದರಲ್ಲೇ 65.42 ಸೇರಿ ಮುಖಬೆಲೆ ಮುಟ್ಟುತ್ತದೆ. ಲೆಕ್ಕಪತ್ರದಲ್ಲಿ ಇದನ್ನು ಆಯಾ ವರ್ಷದ ಸಂಚಿತ ಬಡ್ಡಿ ಎಂದು ಬರೆಯುತ್ತಾರೆ. ಅಮೆರಿಕವೂ ಸೇರಿದಂತೆ ಕೆಲವು ದೇಶಗಳಲ್ಲಿ, ತೆರಿಗೆ ವಿನಾಯಿತಿ ಇಲ್ಲದ ಖಾತೆಯಲ್ಲಿದ್ದರೆ, ಇನ್ನೂ ಕೈಸೇರದ ಈ ಮೊತ್ತಕ್ಕೂ ವರ್ಷವರ್ಷ ತೆರಿಗೆ ಕಟ್ಟಬೇಕಾಗುತ್ತದೆ. ತೆರಿಗೆಯ ಹಣವನ್ನು ಬೇರೆ ಕಡೆಯಿಂದ ಹೊಂದಿಸಬೇಕಾದ ಈ ತೊಡಕಿನಿಂದಲೇ ಅಂಥ ಕಡೆ ಈ ಬಾಂಡ್‌ಗಳು ಹೆಚ್ಚಾಗಿ ನಿವೃತ್ತಿ ಖಾತೆಗಳಲ್ಲಿ ಇರುತ್ತವೆ.

ಕೊಳ್ಳುವಾಗ ಶೇ. 7 ಎಂದರು. ಮೂರು ವರ್ಷಕ್ಕೆ ಮಾರಿದೆ, ಸಿಕ್ಕಿದ್ದು ಶೇ. 4.7 ಮಾತ್ರ. ಮೋಸ ಹೋದೆನೇ?

ಶೇ. 7 ಎಂಬುದು ವಾಯಿದೆಯವರೆಗೆ ಹಿಡಿದವರಿಗೆ ಹೇಳಿದ ಮಾತು. ನಡುವೆ ಮಾರುವವನು ಉಳಿದ ಏಳು ವರ್ಷಗಳನ್ನು ಇನ್ನೊಬ್ಬನಿಗೆ ಮಾರುತ್ತಾನೆ, ಆ ಇನ್ನೊಬ್ಬ ಅಂದಿನ ದರವನ್ನು ಕೇಳುತ್ತಾನೆ. ದರ ಬದಲಾಗದಿದ್ದರೆ ಮೂರು ವರ್ಷಗಳ ಬಳಿಕ ಬೆಲೆ 622.75 ಇರುತ್ತಿತ್ತು, ನಿಮಗೆ ಶೇ. 7 ಸಿಗುತ್ತಿತ್ತು. ದರ ಶೇ. 8 ಆಗಿದ್ದರೆ ಬೆಲೆ 583.49, 508.35 ಅಲ್ಲಿಗೆ ಬೆಳೆದದ್ದು ವರ್ಷಕ್ಕೆ ಶೇ. 4.70ರಂತೆ. ದರ ಶೇ. 6ಕ್ಕೆ ಇಳಿದಿದ್ದರೆ 665.06ಕ್ಕೆ ಮಾರಿ ಶೇ. 9.37 ಗಳಿಸಿರುತ್ತಿದ್ದಿರಿ. ಗಮನಿಸಿ, ದರ ಏರಿದ ಸಂದರ್ಭದಲ್ಲೂ ಇಲ್ಲಿ ಅಸಲು ಕರಗಿಲ್ಲ, ಏಕೆಂದರೆ ಮೂರು ವರ್ಷಗಳ ಸಂಚಿತ ಬಡ್ಡಿ ಆ ಏಟನ್ನು ತಾಳಿಕೊಂಡಿತು. ಕೊಂಡ ಮರುದಿನವೇ ದರ ಏರಿ ಮಾರಬೇಕಾಗಿ ಬಂದಿದ್ದರೆ ಅಸಲಿನಲ್ಲೇ ನಷ್ಟವಾಗುತ್ತಿತ್ತು.

ಕೂಪನ್ ಬಾಂಡ್ ಕೂಡ ಶೇ. 7 ಎನ್ನುತ್ತದೆ, ಇದೂ ಶೇ. 7. ಹಾಗಾದರೆ ಎರಡೂ ಒಂದೇ ಅಲ್ಲವೇ?

ಕಾಗದದ ಮೇಲೆ ಒಂದೇ. ಕೂಪನ್ ಬಾಂಡಿನ ಶೇ. 7 ನಿಜವಾಗಬೇಕಾದರೆ ವರ್ಷವರ್ಷ ಕೈಗೆ ಬಂದ 70ನ್ನು ಮತ್ತೆ ಶೇ. 7ಕ್ಕೇ ಹೂಡುತ್ತ ಹೋಗಬೇಕು. ಹಾಗೆ ಮಾಡಿದರೆ 1000 ಹತ್ತು ವರ್ಷಕ್ಕೆ 1967.15 ಆಗುತ್ತದೆ. ಆದರೆ ಕೊಂಡ ಬಳಿಕ ದರಗಳು ಕುಸಿದು ಕೂಪನ್‌ಗಳಿಗೆ ಶೇ. 5 ಮಾತ್ರ ಸಿಕ್ಕಿತೆನ್ನಿ: ಕೊನೆಗೆ ಕೂಡುವುದು 1880.45, ಅಂದರೆ ವರ್ಷಕ್ಕೆ ಶೇ. 6.52. ಝೀರೋ ಕೂಪನ್ ಬಾಂಡಿನಲ್ಲಿ ಮರುಹೂಡಿಕೆಯ ಚಿಂತೆಯೇ ಇಲ್ಲ. ಕೊಂಡ ದಿನದ ದರಕ್ಕೇ ನಡುವಣ ಬಡ್ಡಿಯೂ ಕಟ್ಟುಬೀಳುತ್ತದೆ. ಹಾಗೆ ಕಟ್ಟುಬಿದ್ದಿರುವುದರ ಇನ್ನೊಂದು ಮುಖವೇ ಮುಂದಿನ ಪ್ರಶ್ನೆಗಳ ವಿಷಯ.

## ಬೆಲೆ ಏಕೆ ಅಷ್ಟು ಜೋರಾಗಿ ಕುಣಿಯುತ್ತದೆ

ದರ ಶೇ. 1 ಏರಿದ್ದಕ್ಕೆ ಕೂಪನ್ ಬಾಂಡ್ ಶೇ. 6.7 ಇಳಿಯಿತು, ನನ್ನ ಝೀರೋ ಕೂಪನ್ ಬಾಂಡ್ ಶೇ. 8.9 ಇಳಿಯಿತು. ವಾಯಿದೆ ಎರಡಕ್ಕೂ ಹತ್ತೇ ವರ್ಷ. ಈ ವ್ಯತ್ಯಾಸ ಏಕೆ?

ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ ಇದು. ಮೊದಲು ಅಂಕಿಗಳು ಸರಿಯೇ ಎಂದು ನೋಡೋಣ. ದರ ಶೇ. 7ರಿಂದ 8ಕ್ಕೆ ಏರಿದ ಕೂಡಲೇ ಝೀರೋ ಕೂಪನ್ ಬಾಂಡಿನ ಬೆಲೆ 508.35ರಿಂದ 463.19ಕ್ಕೆ, ಅಂದರೆ ಶೇ. 8.88 ಇಳಿಯುತ್ತದೆ. ಶೇ. 7 ಕೂಪನ್ನಿನ ಬಾಂಡು 1000ದಿಂದ 932.90ಕ್ಕೆ, ಶೇ. 6.71 ಇಳಿಯುತ್ತದೆ. ಅಂಕಿಗಳು ಸರಿಯಾಗಿವೆ.

ಈಗ ಕೂಪನ್ ಬಾಂಡನ್ನು ಬಿಡಿಸಿ ನೋಡಬೇಕು. ಅದು ಒಂದು ಬಾಂಡ್ ಅಲ್ಲ, ಒಂದು ಕಟ್ಟು: ಒಂದು ವರ್ಷಕ್ಕೆ 70 ಕೊಡುವ ಪುಟ್ಟ ಝೀರೋ ಕೂಪನ್ ಬಾಂಡ್, ಎರಡು ವರ್ಷಕ್ಕೆ 70 ಕೊಡುವ ಇನ್ನೊಂದು, ಹೀಗೆ ಹತ್ತನೆಯ ವರ್ಷಕ್ಕೆ 1070 ಕೊಡುವ ದೊಡ್ಡದೊಂದು. ದರ ಏರಿದಾಗ ಈ ಕಟ್ಟಿನ ಪ್ರತಿಯೊಂದು ತುಂಡೂ ಬೇರೆ ಬೇರೆ ಪ್ರಮಾಣದಲ್ಲಿ ಇಳಿಯುತ್ತದೆ. ಒಂದು ವರ್ಷ ದೂರದ ಹಣವನ್ನು 1.07ರ ಬದಲು 1.08ರಿಂದ ಒಮ್ಮೆ ಮಾತ್ರ ಭಾಗಿಸುತ್ತೇವೆ, ಆದ್ದರಿಂದ ಅದರ ಇಳಿಕೆ ಶೇ. 0.93. ಐದು ವರ್ಷ ದೂರದ ಹಣವನ್ನು ಐದು ಬಾರಿ ಭಾಗಿಸುತ್ತೇವೆ, ಇಳಿಕೆ ಶೇ. 4.55. ಹತ್ತು ವರ್ಷ ದೂರದ ಹಣ ಹತ್ತು ಬಾರಿ ಭಾಗವಾಗಿ ಶೇ. 8.88 ಕಳೆದುಕೊಳ್ಳುತ್ತದೆ. ದರದ ಬದಲಾವಣೆ ವರ್ಷಕ್ಕೊಮ್ಮೆ ಕಚ್ಚುತ್ತದೆ. ಹಣ ದೂರವಿದ್ದಷ್ಟೂ ಕಚ್ಚುವ ಬಾರಿಗಳು ಹೆಚ್ಚು.

ಕೂಪನ್ ಬಾಂಡಿನ 1000ದ ಬೆಲೆಯಲ್ಲಿ 491.65 ಹತ್ತು ಕೂಪನ್‌ಗಳ ಇಂದಿನ ಬೆಲೆ, ಕೊನೆಯ ಅಸಲಿನದು 508.35 ಮಾತ್ರ. ಬೇಗ ಬರುವ ಕೂಪನ್‌ಗಳು ಕಡಿಮೆ ಏಟು ತಿಂದು ಒಟ್ಟಾರೆ ಸರಾಸರಿಯನ್ನು ಶೇ. 6.71ಕ್ಕೆ ತಗ್ಗಿಸಿದವು. ಝೀರೋ ಕೂಪನ್ ಬಾಂಡಿನಲ್ಲಿ ಹಾಗೆ ತಗ್ಗಿಸಲು ಹತ್ತಿರದ ಹಣವೇ ಇಲ್ಲ, ಇರುವುದೆಲ್ಲ ತುದಿಯಲ್ಲಿದೆ. ಆದ್ದರಿಂದ ಝೀರೋ ಕೂಪನ್ ಬಾಂಡ್ ವಿಚಿತ್ರವಾಗಿ ವರ್ತಿಸುತ್ತದೆ ಎನ್ನುವುದಕ್ಕಿಂತ, ಹತ್ತು ವರ್ಷ ದೂರದ ಹಣ ವರ್ತಿಸಬೇಕಾದಂತೆಯೇ ಅದು ವರ್ತಿಸುತ್ತದೆ, ‘ಹತ್ತು ವರ್ಷದ್ದು’ ಎಂದು ಕರೆಸಿಕೊಳ್ಳುವ ಕೂಪನ್ ಬಾಂಡೇ ಅರ್ಧದಷ್ಟು ಹತ್ತು ವರ್ಷದ್ದಲ್ಲ ಎನ್ನುವುದು ಸರಿ.

ಮೂವತ್ತು ವರ್ಷದ್ದಾದರೆ ಈ ಅಂತರ ಇನ್ನೂ ಹೆಚ್ಚೇ?

ಬಹಳ ಹೆಚ್ಚು. ಶೇ. 7ರಲ್ಲಿ ಮೂವತ್ತು ವರ್ಷದ ಝೀರೋ ಕೂಪನ್ ಬಾಂಡಿನ ಬೆಲೆ 131.37; ದರ ಶೇ. 8 ಆದರೆ 99.38. ಇಳಿಕೆ ಶೇ. 24.35. ಅದೇ ವಾಯಿದೆಯ ಶೇ. 7 ಕೂಪನ್ ಬಾಂಡ್ ಶೇ. 11.26 ಮಾತ್ರ ಇಳಿಯುತ್ತದೆ. ವಾಯಿದೆ ಹೆಚ್ಚಿದಂತೆ ಕೂಪನ್ ಬಾಂಡಿನ ಬೆಲೆಯಲ್ಲಿ ದೂರದ ಅಸಲಿನ ಪಾಲು ಕರಗುತ್ತ ಹೋಗಿ (ಇಲ್ಲಿ 1000ದಲ್ಲಿ 131 ಮಾತ್ರ) ಕೂಪನ್‌ಗಳೇ ಅದರ ಬಹುಭಾಗವಾಗುತ್ತವೆ. ಝೀರೋ ಕೂಪನ್ ಬಾಂಡಿಗೆ ಅಂಥ ಆಸರೆ ಎಷ್ಟು ದೂರ ಹೋದರೂ ಸಿಗುವುದಿಲ್ಲ.

ಡ್ಯುರೇಷನ್ ಎನ್ನುತ್ತಾರಲ್ಲ, ಅದನ್ನು ಸೂತ್ರವಿಲ್ಲದೆ ಹೇಳಬಹುದೇ?

ಹಣಕ್ಕಾಗಿ ಸರಾಸರಿ ಎಷ್ಟು ವರ್ಷ ಕಾಯಬೇಕು ಎಂಬ ಅಳತೆ ಅದು. ಸರಾಸರಿ ತೆಗೆಯುವಾಗ ಪ್ರತಿಯೊಂದು ಕಂತಿಗೂ ಅದರ ಇಂದಿನ ಬೆಲೆಯಷ್ಟು ತೂಕ ಕೊಡುತ್ತೇವೆ. 1938ರಲ್ಲಿ ಫ್ರೆಡರಿಕ್ ಮೆಕಾಲೆ ಮುಂದಿಟ್ಟ ಕಲ್ಪನೆಯಿದು. ಝೀರೋ ಕೂಪನ್ ಬಾಂಡಿನಲ್ಲಿ ಕಂತು ಒಂದೇ ಆದ್ದರಿಂದ ಡ್ಯುರೇಷನ್ ಎಂದರೆ ವಾಯಿದೆಯೇ, 10 ವರ್ಷ. ನಮ್ಮ ಕೂಪನ್ ಬಾಂಡಿನ ಡ್ಯುರೇಷನ್ ಸುಮಾರು 7.5 ವರ್ಷ.

ಇದನ್ನು ಇನ್ನೊಂದು ಬಗೆಯಲ್ಲೂ ನೋಡಬಹುದು. ಕೊಂಡ ಮರುದಿನ ದರ ಶೇ. 8 ಆಯಿತೆನ್ನಿ. ಬೆಲೆ ಬಿದ್ದಿದೆ, ಆದರೆ ಇನ್ನು ಮುಂದೆ ಹಣ ಶೇ. 8ರಂತೆ ಬೆಳೆಯುತ್ತದೆ. ದರ ಏರದಿದ್ದರೆ ಎಲ್ಲಿರುತ್ತಿತ್ತೋ ಆ ಮಟ್ಟವನ್ನು ಅದು ಯಾವಾಗ ಮುಟ್ಟುತ್ತದೆ? ಕೂಪನ್‌ಗಳನ್ನು ಶೇ. 8ಕ್ಕೆ ಮರುಹೂಡುತ್ತ ಹೋದರೆ ಕೂಪನ್ ಬಾಂಡ್ ಸುಮಾರು ಏಳೂವರೆ ವರ್ಷಕ್ಕೆ ಮುಟ್ಟುತ್ತದೆ, ಆಮೇಲೆ ಏರಿಕೆಯಿಂದ ಲಾಭವೇ. ಝೀರೋ ಕೂಪನ್ ಬಾಂಡ್ ಮುಟ್ಟುವುದು ಸರಿಯಾಗಿ ಹತ್ತನೆಯ ವರ್ಷದ ಕೊನೆಯ ದಿನ. ಡ್ಯುರೇಷನ್ ಎಂಬುದು ಈ ಗಾಯ ಮಾಯುವ ಕಾಲ ಎಂದುಕೊಂಡರೆ ತಪ್ಪಾಗದು.

ಹಾಗಾದರೆ ಝೀರೋ ಕೂಪನ್ ಬಾಂಡ್ ಹೆಚ್ಚು ಅಪಾಯಕಾರಿ ಎಂದೇ ತಾನೆ?

ವಾಯಿದೆ ಒಂದೇ ಆಗಿದ್ದರೆ ಬೆಲೆಯ ಏರಿಳಿತ ಹೆಚ್ಚು, ನಿಜ. ಆದರೆ ಏಳೂವರೆ ವರ್ಷದ ಝೀರೋ ಕೂಪನ್ ಬಾಂಡನ್ನು ತೆಗೆದುಕೊಳ್ಳಿ: ದರ ಶೇ. 1 ಏರಿದರೆ ಅದು ಶೇ. 6.74 ಇಳಿಯುತ್ತದೆ, ಹತ್ತು ವರ್ಷದ ಕೂಪನ್ ಬಾಂಡಿನ ಶೇ. 6.71ಕ್ಕೆ ಹೆಚ್ಚುಕಡಿಮೆ ಸಮ. ಹೋಲಿಸಬೇಕಾದದ್ದು ವಾಯಿದೆಯನ್ನಲ್ಲ, ಡ್ಯುರೇಷನ್ನನ್ನು. ಅಪಾಯವೆಂಬುದು ಹಣ ಬೇಕಾದ ದಿನವನ್ನೂ ಅವಲಂಬಿಸಿದೆ. ಸರಿಯಾಗಿ ಹತ್ತು ವರ್ಷಕ್ಕೆ 1000 ಬೇಕಾದವನಿಗೆ ನಡುವಣ ಬೆಲೆ ಎಷ್ಟು ಕುಣಿದರೂ ಕೊನೆಯ ಮೊತ್ತ ಅಲುಗುವುದಿಲ್ಲ. ಎರಡು ವರ್ಷಕ್ಕೆ ಹಣ ಬೇಕಾದವನಿಗೆ ಅದೇ ಬಾಂಡ್ ನಿದ್ದೆಗೆಡಿಸುತ್ತದೆ. ಕೊಟ್ಟವರು ದಿವಾಳಿಯಾಗುವ ಭಯ ಮಾತ್ರ ಬೇರೆ ಬಗೆಯದು: ಕೂಪನ್ ಬಾಂಡಿನವನು ಅಷ್ಟು ಹೊತ್ತಿಗೆ ಕೆಲವು ಕಂತುಗಳನ್ನಾದರೂ ಪಡೆದಿರುತ್ತಾನೆ, ಇವನ ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ದುರ್ಬಲ ಸಂಸ್ಥೆಯ ದೀರ್ಘ ವಾಯಿದೆಯ ಝೀರೋ ಕೂಪನ್ ಬಾಂಡನ್ನು ನಾನಂತೂ ಮುಟ್ಟಲಾರೆ.

## ಇನ್ನಷ್ಟು ಒಳಗೆ

ದರ ಶೇ. 1 ಇಳಿದಾಗ ಆದ ಲಾಭ, ಏರಿದಾಗ ಆದ ನಷ್ಟಕ್ಕಿಂತ ಹೆಚ್ಚಿದೆ. ಎಲ್ಲೋ ಲೆಕ್ಕ ತಪ್ಪಿದೆಯೇ?

ತಪ್ಪಿಲ್ಲ. ಶೇ. 6ಕ್ಕೆ ಇಳಿದರೆ ಬೆಲೆ 558.39, ಏರಿಕೆ ಶೇ. 9.84, ಶೇ. 8ಕ್ಕೆ ಏರಿದರೆ ಇಳಿಕೆ ಶೇ. 8.88. ಬೆಲೆಯನ್ನು ದರದ ಎದುರಿಗೆ ಚಿತ್ರಿಸಿದರೆ ಬರುವುದು ನೇರ ಗೆರೆಯಲ್ಲ, ಕೆಳಗೆ ಉಬ್ಬಿದ ಬಾಗು. ಡ್ಯುರೇಷನ್ನನ್ನು 1.07ರಿಂದ ಭಾಗಿಸಿದರೆ ಬರುವ 9.35 ಆ ಬಾಗಿಗೆ ಶೇ. 7ರ ಬಳಿ ಎಳೆದ ಸ್ಪರ್ಶರೇಖೆ: ದರ ಎತ್ತ ಸರಿದರೂ ಶೇ. 9.35ರ ಬದಲಾವಣೆ ಎಂದು ಅದು ಹೇಳುತ್ತದೆ. ಬಾಗಿಗಾಗಿ, ಅಂದರೆ ಕಾನ್ವೆಕ್ಸಿಟಿಗಾಗಿ, ಎರಡೂ ಕಡೆ ಶೇ. 0.48 ಕೂಡಿಸಿದರೆ 8.87ರ ಇಳಿಕೆ ಮತ್ತು 9.83ರ ಏರಿಕೆ ಸಿಗುತ್ತವೆ, ನಿಜಕ್ಕೆ ಕೂದಲೆಳೆಯಷ್ಟು ಹತ್ತಿರ. ಶೇ. 0.1ರಂಥ ಸಣ್ಣ ಅಲುಗಾಟಕ್ಕೆ ಡ್ಯುರೇಷನ್ ಒಂದೇ ಸಾಕು, ಶೇ. 2 ಅಥವಾ 3ರ ಬದಲಾವಣೆಗೆ ಅಂದಾಜು ಬಿಟ್ಟು ಮೂಲ ಸೂತ್ರದಿಂದಲೇ ಬೆಲೆ ತೆಗೆಯುವುದು ಮೇಲು. ಝೀರೋ ಕೂಪನ್ ಬಾಂಡಿಗೆ ಅದು ಒಂದೇ ಸಾಲಿನ ಕೆಲಸ.

ಹತ್ತು ವರ್ಷದ ಕೂಪನ್ ಬಾಂಡಿನ ಇಳುವರಿಯನ್ನೇ ಝೀರೋ ಕೂಪನ್ ಬಾಂಡಿನ ಬೆಲೆಗೂ ಬಳಸಬಹುದೇ?

ಎಲ್ಲ ವಾಯಿದೆಗಳಿಗೂ ದರ ಒಂದೇ ಇದ್ದರೆ ಮಾತ್ರ. ಈವರೆಗಿನ ಲೆಕ್ಕಗಳಲ್ಲಿ ಸರಳತೆಗಾಗಿ ನಾನು ಹಾಗೆ ಹಿಡಿದಿದ್ದೆ. ವಾಸ್ತವದಲ್ಲಿ ದರ ಸಾಮಾನ್ಯವಾಗಿ ವಾಯಿದೆಯೊಂದಿಗೆ ಬದಲಾಗುತ್ತದೆ, ಮತ್ತು ಕೂಪನ್ ಬಾಂಡಿನ ಇಳುವರಿ ಹಲವು ದರಗಳ ಮಿಶ್ರಣ. ಒಂದು ವರ್ಷದ ಝೀರೋ ಕೂಪನ್ ಬಾಂಡ್ ಶೇ. 5 ತರುತ್ತಿದೆ, ಶೇ. 7 ಕೂಪನ್ನಿನ ಎರಡು ವರ್ಷದ ಬಾಂಡ್ 1000ಕ್ಕೆ ಮಾರಾಟವಾಗುತ್ತಿದೆ ಎಂದುಕೊಳ್ಳಿ. ಮೊದಲ ಕೂಪನ್ 70ರ ಇಂದಿನ ಬೆಲೆ 66.67. ಉಳಿದ 933.33 ಎರಡು ವರ್ಷಗಳ ಬಳಿಕದ 1070ರ ಬೆಲೆಯಾಗಬೇಕು. ಅದಕ್ಕೆ ಬೇಕಾದ ದರ ಶೇ. 7 ಅಲ್ಲ, ಶೇ. 7.07. ಎರಡು ವರ್ಷದ ಝೀರೋ ಕೂಪನ್ ಬಾಂಡಿಗೆ ಹಾಕಬೇಕಾದ ಸ್ಪಾಟ್ ದರ ಇದು. ಶೇ. 7 ಹಾಕಿ ಬೆಲೆ ತೆಗೆದವರು ಸ್ವಲ್ಪ ಹೆಚ್ಚು ಕೊಟ್ಟಿರುತ್ತಾರೆ. ವಾಯಿದೆ ಉದ್ದವಾದಾಗ, ದರಗಳ ರೇಖೆ ಕಡಿದಾಗಿದ್ದಾಗ, ಈ ‘ಸ್ವಲ್ಪ’ ದೊಡ್ಡದಾಗುತ್ತದೆ. ಕೂಪನ್ ಬಾಂಡನ್ನು ಹೀಗೆ ತುಂಡುತುಂಡಾಗಿ ಬಿಡಿಸುವುದು ಬರಿಯ ಕಾಗದದ ಲೆಕ್ಕವೂ ಅಲ್ಲ: ಅಮೆರಿಕದ ಖಜಾನೆ 1985ರಲ್ಲಿ ಆರಂಭಿಸಿದ ‘ಸ್ಟ್ರಿಪ್ಸ್’ ಏರ್ಪಾಟಿನಲ್ಲಿ ಸರ್ಕಾರಿ ಬಾಂಡಿನ ಪ್ರತಿ ಕೂಪನ್ನನ್ನೂ ಅಸಲನ್ನೂ ಬೇರ್ಪಡಿಸಿ ಸ್ವತಂತ್ರ ಝೀರೋ ಕೂಪನ್ ಬಾಂಡ್‌ಗಳಾಗಿ ಮಾರುತ್ತಾರೆ.

ಕೇಂದ್ರ ಬ್ಯಾಂಕು ದರ ಏರಿಸಿತು, ನನ್ನ ಬಾಂಡಿನ ಬೆಲೆಯೂ ಏರಿತು! ನೀವು ಹೇಳಿದ್ದಕ್ಕೆ ಇದು ತದ್ವಿರುದ್ಧವಲ್ಲವೇ?

ಕೇಂದ್ರ ಬ್ಯಾಂಕು ಏರಿಸುವುದು ಅತಿ ಕಡಿಮೆ ಅವಧಿಯ ಸಾಲದ ದರವನ್ನು. ನಿಮ್ಮ ಬಾಂಡಿನ ಬೆಲೆಯಲ್ಲಿ ಕೂತಿರುವುದು ಹತ್ತು ವರ್ಷದ ದರ. ಈ ಎರಡನೆಯದರಲ್ಲಿ ಮುಂದಿನ ಹತ್ತು ವರ್ಷಗಳ ಬಡ್ಡಿ, ಹಣದುಬ್ಬರಗಳ ಬಗ್ಗೆ ಮಾರುಕಟ್ಟೆಯ ನಿರೀಕ್ಷೆ ಸೇರಿರುತ್ತದೆ. ಏರಿಕೆ ಮೊದಲೇ ನಿರೀಕ್ಷಿತವಾಗಿದ್ದರೆ ಬೆಲೆ ಆಗಲೇ ಇಳಿದು ಕುಳಿತಿರುತ್ತದೆ. ನಿರೀಕ್ಷೆಗಿಂತ ಗಟ್ಟಿಯಾದ ಏರಿಕೆಯಿಂದ ಹಣದುಬ್ಬರ ಹತೋಟಿಗೆ ಬರುತ್ತದೆ ಎಂಬ ನಂಬಿಕೆ ಮೂಡಿದರೆ ದೀರ್ಘಾವಧಿಯ ದರ ಇಳಿಯಲೂಬಹುದು, ಆಗ ಝೀರೋ ಕೂಪನ್ ಬಾಂಡ್ ಉಳಿದೆಲ್ಲವುಗಳಿಗಿಂತ ಜೋರಾಗಿ ಮೇಲೇಳುತ್ತದೆ. ಇನ್ನೊಂದು ಎಚ್ಚರವೂ ಬೇಕು: ಮೂವತ್ತು ವರ್ಷದ ಬಾಂಡಿಗೆ ಹೇಳಿದ ಶೇ. 24ರ ಇಳಿಕೆ, ಮೂವತ್ತು ವರ್ಷದ ದರವೇ ಪೂರ್ತಿ ಶೇ. 1 ಏರಿದರೆ ಆಗುವಂಥದು. ಕಡಿಮೆ ಅವಧಿಯ ದರ ಶೇ. 1 ಏರಿದ ದಿನ ದೀರ್ಘಾವಧಿಯದು ಅಷ್ಟೇ ಏರಬೇಕೆಂದಿಲ್ಲ. ನಿಮ್ಮ ಬಾಂಡಿಗೆ ಏನಾಯಿತೆಂದು ತಿಳಿಯಲು ನೋಡಬೇಕಾದದ್ದು ಸುದ್ದಿಯ ತಲೆಬರಹದಲ್ಲಿರುವ ದರವನ್ನಲ್ಲ, ನಿಮ್ಮ ಬಾಂಡಿಗೆ ಉಳಿದಿರುವಷ್ಟೇ ವಾಯಿದೆಯ ಝೀರೋ ಕೂಪನ್ ಬಾಂಡ್‌ಗಳ ಅಂದಿನ ಇಳುವರಿಯನ್ನು.